ಅರ್ಧ ದಿನದಲ್ಲಿ ಪಾಠ ಯೋಜನೆ ಬರೆಸುವುದು: ಕೊನೆಯ ಪ್ರಶ್ನೆಯಿಂದ ಶುರು ಮಾಡಿ

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸ್ತೀನಿ. ಮುಂದಿನ ಕ್ಲಸ್ಟರ್ ಸಭೆಯಲ್ಲಿ ಪಾಠ ಯೋಜನೆ ಬರೆಯೋದರ ಬಗ್ಗೆ ಅರ್ಧ ದಿನ ನೀವೇ ತಗೊಳ್ಳಿ ಮೇಡಂ ಅಂತ ಸಿಆರ್‌ಪಿ ಹೇಳಿದ್ದಾರೆ. ಬರೋರು 24 ಜನ, ಅರ್ಧಕ್ಕರ್ಧ ನನಗಿಂತ ಹಿರಿಯರು, ಎಲ್ಲರೂ ವರ್ಷಗಟ್ಟಲೆ ಟಿಪ್ಪಣಿ ಬರೆದವರೇ. ಅವರಿಗೆ ಏನು ಮಾಡಿಸಲಿ? ಹೋಗುವಾಗ ಅವರ ಕೈಯಲ್ಲಿ ಏನಿರಬೇಕು?

ಉತ್ತರ: ಮೊದಲು ನಾನು ಕೆಡಿಸಿದ ಒಂದು ಕಾರ್ಯಾಗಾರದ ಕತೆ ಕೇಳಿ ಮೇಡಂ. ಹಾವೇರಿ ಕಡೆ ಒಂದು ಊರು. ನಾನು ಹೊಸದಾಗಿ ತರಬೇತಿ ಕೊಡೋಕೆ ಶುರು ಮಾಡಿದ ದಿನಗಳು. ನಲವತ್ತಕ್ಕೂ ಜಾಸ್ತಿ ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಪಾಠ ಯೋಜನೆ ಅಂದರೆ ಏನು, ಅದರ ಅಂಗಗಳು ಯಾವುವು, ಬ್ಲೂಮ್ 1956ರಲ್ಲಿ ಏನು ಹೇಳಿದ, ಎಲ್ಲ. ಶಿಕ್ಷಕರು ಪಾಪ, ಎರಡು ತಾಸು ಬರೆದುಕೊಂಡರು. ಊಟಕ್ಕೆ ಮುಂಚೆ 'ಈಗ ನೀವೇ ಒಂದು ಯೋಜನೆ ಬರೆಯಿರಿ' ಅಂದೆ. ಇಪ್ಪತ್ತೈದು ನಿಮಿಷದಲ್ಲಿ ಎಲ್ಲರದೂ ಮುಗಿಯಿತು, ಎಲ್ಲರದೂ ಒಂದೇ ತರ ಇತ್ತು. ಗೈಡಿನಲ್ಲಿ ಇರುವ ಹಾಗೆ. ಒಬ್ಬರು ಹಿರಿಯ ಮಾಸ್ತರು ಹೊರಗೆ ಬಂದು ಮೆಲ್ಲಗೆ ಹೇಳಿದರು, 'ಸರ, ನೀವು ಹೇಳಿದ್ದೆಲ್ಲ ನಮಗ ಗೊತ್ತಿತ್ರೀ. ಗೊತ್ತಿಲ್ಲದ್ದು ಹುಡುಗರ ತಲ್ಯಾಗ ಏನೈತಿ ಅನ್ನೋದು.'

ಆ ಮಾತಿನ ಮೇಲೇ ನಾನು ಅರ್ಧ ದಿನದ ಯೋಜನೆಯನ್ನು ಪೂರ್ತಿ ಬದಲಾಯಿಸಿದೆ. ಈಗ ನಾನು ಒಂದೇ ಒಂದು ವಿಷಯ ಇಟ್ಟುಕೊಳ್ಳುತ್ತೇನೆ. ಪಾಠದ ಕೊನೆಗೆ ಮಕ್ಕಳಿಗೆ ಕೇಳುವ ಒಂದು ಪ್ರಶ್ನೆಯನ್ನು ಮೊದಲು ಬರೆಯುವುದು, ಅದಕ್ಕೆ ಮಕ್ಕಳು ಕೊಡುವ ತಪ್ಪು ಉತ್ತರಗಳನ್ನು ಊಹಿಸುವುದು, ಆಮೇಲೆ ಚಟುವಟಿಕೆ. ನಮ್ಮ ನಮೂನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಅಂತ ಮೇಲಿನಿಂದ ಕೆಳಗೆ ಇರುತ್ತದಲ್ವಾ, ಕೈ ಕೂಡ ಅದೇ ಕ್ರಮದಲ್ಲಿ ಓಡುತ್ತದೆ, ಕೊನೆಯ ಖಾನೆಗೆ ಬರುವಷ್ಟರಲ್ಲಿ ಸುಸ್ತಾಗಿ 'ಪ್ರಶ್ನೆಗಳನ್ನು ಕೇಳುವುದು' ಅಂತ ಬರೆದು ಮುಗಿಸುತ್ತೇವೆ. ಆ ಖಾನೆಯಿಂದಲೇ ಶುರು ಮಾಡಿಸಿ. ನಿಮ್ಮ ಹಿರಿಯರಿಗೆ ಇದು ಅವಮಾನವೂ ಆಗುವುದಿಲ್ಲ. ಯಾಕಂದರೆ ತಪ್ಪು ಉತ್ತರ ಊಹಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಲಿಸಿದವರೇ ನಿಮಗಿಂತ ಮುಂದೆ ಇರುತ್ತಾರೆ.

ಸಮಯ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆ ಅಂತ ಹಿಡಿಯಿರಿ. ಸ್ವಾಗತ, ಪ್ರಾಸ್ತಾವಿಕ ನುಡಿಗೆ ಹದಿನೈದು ನಿಮಿಷ ಹೋಗೇ ಹೋಗುತ್ತದೆ, ಅದರ ಜೊತೆ ಜಗಳ ಬೇಡ. ನಿಮ್ಮ ಕೈಗೆ ಸಿಗುವುದು ಚಹಾ ಬಿಟ್ಟು ಮೂರು ತಾಸು. 24 ಜನರನ್ನು ನಾಲ್ಕು ನಾಲ್ಕು ಜನರ ಆರು ಗುಂಪು ಮಾಡಿ, ಆದರೆ ಒಂದೇ ಶಾಲೆಯವರನ್ನು ಒಟ್ಟಿಗೆ ಕೂರಿಸಬೇಡಿ, ಒಂದೇ ವಿಷಯ ಮತ್ತು ಹತ್ತಿರದ ತರಗತಿಯವರನ್ನು ಕೂರಿಸಿ. ನಲಿ-ಕಲಿ ಮಾಡುವವರದು ಬೇರೆ ಗುಂಪು. ಅವರ ತರಗತಿಯಲ್ಲಿ ಮಕ್ಕಳು ಬೇರೆ ಬೇರೆ ಮೆಟ್ಟಿಲಿನಲ್ಲಿ, ಬೇರೆ ಬೇರೆ ಕಾರ್ಡಿನ ಮೇಲೆ ಇರುತ್ತಾರೆ, ಇಡೀ ತರಗತಿಗೆ ಒಂದೇ ನಲವತ್ತು ನಿಮಿಷದ ಯೋಜನೆ ಅನ್ನೋದು ಅಲ್ಲಿ ಕೂರುವುದಿಲ್ಲ. ಅವರಿಗೆ ಒಂದು ಮೆಟ್ಟಿಲು ಆರಿಸಿಕೊಂಡು, ಮಗು ಅಲ್ಲಿಂದ ಮುಂದೆ ಹೋಗಬಹುದು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವ ಒಂದು ಪ್ರಶ್ನೆ ಬರೆಯೋಕೆ ಹೇಳಿ. ಅಷ್ಟು ಸಾಕು.

ಬರುವವರಿಗೆ ಮುಂಚೆಯೇ ಒಂದು ಮೆಸೇಜ್ ಹೋಗಲಿ: ಮುಂದಿನ ವಾರ ಕಲಿಸಬೇಕಾದ ಒಂದು ಪಾಠದ ಪುಸ್ತಕ ತನ್ನಿ. ಕಲ್ಪನೆಯ ಪಾಠಕ್ಕೆ ಬರೆದ ಯೋಜನೆ ಮನೆಗೆ ಹೋಗಿ ಚೀಲದಲ್ಲೇ ಉಳಿಯುತ್ತದೆ.

ಮೊದಲ ಹತ್ತು ನಿಮಿಷ ಮಾತೇ ಬೇಡ. ಒಬ್ಬೊಬ್ಬರಿಗೆ ಒಂದು ಚೀಟಿ ಕೊಡಿ. ಆ ಪಾಠ ಮುಗಿದ ಮೇಲೆ ಮಕ್ಕಳು ಏನು ಮಾಡಬಲ್ಲರು ಅಂತ ಒಂದು ವಾಕ್ಯ. ಹೆಸರು ಬೇಡ. ಚೀಟಿಗಳನ್ನು ಕೂಡಿಸಿ, ಆರೇಳು ಎತ್ತಿ, ಬೋರ್ಡಿನ ಮೇಲೆ ಬರೆಯಿರಿ. 'ಅರಿಯುವರು', 'ತಿಳಿಯುವರು', 'ಅರ್ಥ ಮಾಡಿಕೊಳ್ಳುವರು', 'ಮಹತ್ವ ತಿಳಿಯುವರು' ಇವೇ ಬರುತ್ತವೆ. ತಪ್ಪು ಅಂತ ಹೇಳಬೇಡಿ. ಒಂದೇ ಪ್ರಶ್ನೆ ಕೇಳಿ: ಹೆಡ್ ಮಾಸ್ತರು ಕಿಟಕಿಯ ಹೊರಗೆ ನಿಂತು ನೋಡಿದರೆ ಇದು ಆಗಿದೆ ಅಂತ ಅವರಿಗೆ ಕಾಣುತ್ತದೆಯೇ? ತಿಳಿದದ್ದು ಕಿಟಕಿಯಿಂದ ಕಾಣುವುದಿಲ್ಲ. ಬರೆದದ್ದು, ಬಿಡಿಸಿದ್ದು, ಬೇರೆ ಮಾಡಿ ಜೋಡಿಸಿದ್ದು, ಕಾರಣ ಹೇಳಿದ್ದು ಕಾಣುತ್ತದೆ, ಕೇಳುತ್ತದೆ. ನಾನು ಇದಕ್ಕೆ ಕಿಟಕಿ ಪರೀಕ್ಷೆ ಅಂತೀನಿ. ಇಲ್ಲಿ ಒಂದು ಎಚ್ಚರಿಕೆ. ಬ್ಲೂಮ್ ಪಟ್ಟಿಯ ಕ್ರಿಯಾಪದಗಳನ್ನು ಹಂಚಬೇಡಿ. ಹಂಚಿದರೆ ಎಲ್ಲರೂ 'ಅರಿಯುವರು' ತೆಗೆದು 'ವಿಶ್ಲೇಷಿಸುವರು' ಅಂತ ಹಾಕುತ್ತಾರೆ. ಪದ ಬದಲಾಗುತ್ತದೆ, ಪಾಠ ಹಾಗೇ ಇರುತ್ತದೆ.

ಎಲ್ಲರೂ ತಮ್ಮ ವಾಕ್ಯವನ್ನು ತಿದ್ದೋಕೆ ಇನ್ನೊಂದು ಇಪ್ಪತ್ತೈದು ನಿಮಿಷ. ಇಲ್ಲಿಗೆ ಹತ್ತೂ ಇಪ್ಪತ್ತು ಆಯಿತು. ಮುಂದಿನ ಒಂದು ತಾಸೇ ಕಾರ್ಯಾಗಾರದ ಜೀವ, ಹಾಗಾಗಿ ಅದನ್ನು ಒಂದು ಪಾಠ ಹಿಡಿದೇ ಹೇಳುತ್ತೇನೆ. ನೀವು ಗಣಿತದವರು, ಇದನ್ನೇ ಬೋರ್ಡಿನ ಮೇಲೆ ಮಾಡಿ ತೋರಿಸಬಹುದು.

ನಾಲ್ಕನೇ ತರಗತಿ, ಭಿನ್ನರಾಶಿಗಳ ಹೋಲಿಕೆ. ಹಳೆಯ ಟಿಪ್ಪಣಿಯಲ್ಲಿ ಹೀಗಿರುತ್ತದೆ: 'ಮಕ್ಕಳು ಭಿನ್ನರಾಶಿಗಳ ಹೋಲಿಕೆಯನ್ನು ಅರಿಯುವರು. ಶಿಕ್ಷಕರು ಉದಾಹರಣೆಗಳ ಮೂಲಕ ವಿವರಿಸುವರು. ಪ್ರಶ್ನೆಗಳ ಮೂಲಕ ಮೌಲ್ಯಮಾಪನ.' ಕಿಟಕಿ ಪರೀಕ್ಷೆ ಆದ ಮೇಲೆ ಉದ್ದೇಶ ಹೀಗಾಗುತ್ತದೆ: ಅಂಶ 1 ಇರುವ ಎರಡು ಭಿನ್ನರಾಶಿ ಕೊಟ್ಟರೆ ದೊಡ್ಡದು ಯಾವುದು ಅಂತ ಗುರುತಿಸಿ, ಯಾಕೆ ಅಂತ ಚಿತ್ರ ಬರೆದು ಅಥವಾ ಒಂದು ವಾಕ್ಯದಲ್ಲಿ ಹೇಳುತ್ತಾರೆ. ನೋಡಿ, ಪಾಠ ಎಷ್ಟು ಸಣ್ಣದಾಯಿತು. ಆಗಬೇಕಾದದ್ದೇ ಅದು. 'ಹೋಲಿಕೆ' ಅನ್ನುವುದು ನಾಲ್ಕೈದು ದಿನದ ಕೆಲಸ, ಇದು ಒಂದು ಪಿರಿಯಡ್ಡಿನದು.

ಈಗ ಕೊನೆಯ ಪ್ರಶ್ನೆ. 'ಒಂದೇ ಉದ್ದದ ಎರಡು ರಿಬ್ಬನ್ ಇವೆ. ಗಂಗಾ ಒಂದರ 1/3 ಭಾಗ ತಗೊಂಡಳು, ಮಂಜ ಇನ್ನೊಂದರ 1/5 ಭಾಗ ತಗೊಂಡ. ಯಾರದು ಉದ್ದ? ಹೇಗೆ ಗೊತ್ತು?' ಮಕ್ಕಳು ಚೀಟಿಯ ಮೇಲೆ ಒಬ್ಬೊಬ್ಬರೇ ಬರೆಯಬೇಕು. ಕೈ ಎತ್ತಿಸಿ ಕೇಳಿದರೆ ಮುಂದಿನ ಸಾಲಿನ ಐದು ಮಕ್ಕಳದ್ದು ಮಾತ್ರ ಗೊತ್ತಾಗುತ್ತದೆ. 'ಅರ್ಥ ಆಯ್ತಾ?' ಅಂತ ಕೇಳಿದರೆ ಅದೂ ಇಲ್ಲ, ಇಡೀ ತರಗತಿ 'ಆತ್ರೀ' ಅಂತ ರಾಗ ಎಳೆಯುತ್ತದೆ, ಅಷ್ಟೇ.

ಪ್ರಶ್ನೆ ಬರೆದ ಮೇಲೆ ಗುಂಪಿಗೆ ಹೇಳಿ: ನಿಮ್ಮ ಮಕ್ಕಳು ಇದಕ್ಕೆ ಏನೇನು ತಪ್ಪು ಬರೆಯುತ್ತಾರೆ, ಕನಿಷ್ಠ ಮೂರು ಬರೆಯಿರಿ. ಮಗುವಿನ ಮಾತಿನಲ್ಲೇ ಬರೆಯಬೇಕು. ಮೊದಲನೆಯದು ಎಲ್ಲರಿಗೂ ಹೊಳೆಯುತ್ತದೆ: '1/5 ದೊಡ್ಡದು, ಯಾಕಂದ್ರ 5 ದೊಡ್ಡದು.' ಎರಡನೆಯದು ಸ್ವಲ್ಪ ಹೊತ್ತು ತಗೊಳ್ಳುತ್ತದೆ: ಮಗು ಎರಡು ರಿಬ್ಬನ್ ಚಿತ್ರ ಬಿಡಿಸುವಾಗ ಒಂದನ್ನು ಉದ್ದ, ಒಂದನ್ನು ಗಿಡ್ಡ ಬಿಡಿಸುತ್ತದೆ, ಆಗ ಚಿತ್ರದಲ್ಲಿ 1/5 ಭಾಗವೇ ಉದ್ದ ಕಾಣುತ್ತದೆ. ಮಗು ತಾನು ಕಂಡದ್ದನ್ನು ಸರಿಯಾಗೇ ಓದಿದೆ, ಆದರೆ ಇಡೀ ಎರಡೂ ಸಮ ಇರಬೇಕು ಅನ್ನೋದು ಅದಕ್ಕೆ ಮುಖ್ಯ ಅಂತ ಅನಿಸಿಲ್ಲ.

ಮೂರನೆಯದು ಅಪಾಯದ್ದು, ಯಾಕಂದರೆ ಅದು ಸರಿ ಉತ್ತರದ ವೇಷದಲ್ಲಿ ಬರುತ್ತದೆ. '1/3 ದೊಡ್ಡದು, ಛೇದ ದೊಡ್ಡದಿದ್ದರೆ ಭಿನ್ನರಾಶಿ ಸಣ್ಣದು.' ಉತ್ತರ ಸರಿ. ಆದರೆ ಇದು ಬಾಯಿಪಾಠ ಮಾಡಿದ ನಿಯಮ ಇರಬಹುದು, ಮಗುವಿನ ಕಣ್ಣ ಮುಂದೆ ಭಾಗ ಇಲ್ಲದೇ ಇರಬಹುದು. ಹೇಗೆ ಗೊತ್ತಾಗುತ್ತದೆ? ಅದೇ ಮಗುವಿಗೆ 2/5 ಮತ್ತು 1/3 ಕೊಡಿ. ನಿಯಮ ಹಿಡಿದ ಮಗು 'ಛೇದ 5 ದೊಡ್ಡದು, ಹಂಗಾಗಿ 2/5 ಸಣ್ಣದು' ಅನ್ನುತ್ತದೆ. 30 ಸೆಂಟಿಮೀಟರ್ ಪಟ್ಟಿಯಲ್ಲಿ 2/5 ಅಂದರೆ 12 ಸೆಂ.ಮೀ., 1/3 ಅಂದರೆ 10. ನಿಯಮ ಅಲ್ಲೇ ಮುಗ್ಗರಿಸುತ್ತದೆ. ನಾನು ಇದನ್ನು ಧಾರವಾಡದ ಹತ್ತಿರ ಒಂದು ಗುಂಪಿನಲ್ಲಿ ಮಾಡಿಸಿದಾಗ ಒಬ್ಬ ಅಕ್ಕೋರು ಪೆನ್ನು ಕೆಳಗಿಟ್ಟು 'ಇಷ್ಟು ವರ್ಷ ನಾನೇ ಆ ನಿಯಮ ಹೇಳಿಕೊಟ್ಟೀನ್ರೀ' ಅಂದರು. ಯಾರೂ ನಗಲಿಲ್ಲ, ಎಲ್ಲರೂ ಹೇಳಿಕೊಟ್ಟವರೇ. ಮೂರು ತಾಸಿನಲ್ಲಿ ಇಂಥ ಒಂದು ಗಳಿಗೆ ಬಂದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಗುಂಪುಗಳು ತಮ್ಮ ತಮ್ಮ ಪಾಠಕ್ಕೆ ಇದೇ ಕೆಲಸ ಮಾಡೋಕೆ ನಲವತ್ತು ನಿಮಿಷ ಕೊಡಿ. ನಿಮ್ಮ ಉದಾಹರಣೆಗೆ ಇಪ್ಪತ್ತು ನಿಮಿಷ ಸಾಕು. ಕೆಟ್ಟಿದೆಯೋ ಇಲ್ಲವೋ ಅನ್ನೋದು ಸದ್ದಿನಲ್ಲೇ ಗೊತ್ತಾಗುತ್ತದೆ. ಗುಂಪು ಸುಮ್ನೆ ತಲೆ ತಗ್ಗಿಸಿ ಬರೆಯುತ್ತಿದ್ದರೆ ಒಬ್ಬರು ಹೇಳಿ ಉಳಿದವರು ನಕಲು ಮಾಡುತ್ತಿದ್ದಾರೆ ಅಂತ ಅರ್ಥ. ಮಕ್ಕಳ ತಪ್ಪು ನೆನಪಿಸಿಕೊಂಡು ನಗುತ್ತಿದ್ದರೆ ಸರಿ ನಡೆದಿದೆ. ಪರಿಸರ ಅಧ್ಯಯನ, ಸಮಾಜ ವಿಜ್ಞಾನದವರು 'ನಮ್ಮ ವಿಷಯದಾಗ ತಪ್ಪು ಉತ್ತರ ಅಂದ್ರ ಮರೆತಿರೋದು ಅಷ್ಟೇ' ಅನ್ನಬಹುದು. ಅವರಿಗೆ ಒಂದು ಪ್ರಶ್ನೆ ಕೊಡಿ: ಒಗೆದು ಹರವಿದ ಬಟ್ಟೆ ಒಣಗಿತು, ನೀರು ಎಲ್ಲಿ ಹೋಯಿತು? 'ಬಟ್ಟಿ ಒಳಗ ಹೋತು', 'ಸೂರ್ಯ ಕುಡದ', 'ಖಾಲಿ ಆತು', ಮೂರೂ ಮಕ್ಕಳೇ ಹೇಳುವಂಥವು, ಒಂದೊಂದಕ್ಕೂ ಬೇರೆ ಬೇರೆ ಪಾಠ ಬೇಕು.

ಹನ್ನೊಂದು ಇಪ್ಪತ್ತಕ್ಕೆ ಚಹಾ. ಗಿರ್ಮಿಟ್ ತರಿಸುವುದಾದರೆ ಹಾಳೆಗಳನ್ನು ಮೊದಲು ಎತ್ತಿಡಿ, ಎಣ್ಣೆ ಕೈ.

ಚಹಾ ಆದ ಮೇಲೆ ನಲವತ್ತು ನಿಮಿಷ ಚಟುವಟಿಕೆ ಬರೆಯುವುದು. ಈಗ ಕೆಲಸ ಹಗುರ, ಯಾಕಂದರೆ ಚಟುವಟಿಕೆ ಯಾವ ತಪ್ಪನ್ನು ಮುಟ್ಟಬೇಕು ಅಂತ ಗೊತ್ತಿದೆ. ನಮ್ಮ ಭಿನ್ನರಾಶಿಗೆ ಬನ್ನಿ. ರೊಟ್ಟಿ ಹರಿದು ತೋರಿಸುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಚಂದ ಇದೆ, ಆದರೆ ದುಂಡನೆಯ ರೊಟ್ಟಿಯನ್ನು ಐದು ಸಮ ಭಾಗ ಮಾಡಿ ನೋಡೋಣ! ದೊಡ್ಡವರಿಗೇ ಆಗುವುದಿಲ್ಲ, ಕಡಕ್ ರೊಟ್ಟಿಯಾದರೆ ಮುಗಿದೇ ಹೋಯಿತು. ಸಮ ಭಾಗ ಅನ್ನುವುದೇ ಪಾಠದ ತಳಪಾಯ, ಅದೇ ಅಲ್ಲಾಡುತ್ತದೆ. ಹಾಗಾಗಿ ಹಳೆ ಪೇಪರಿನ 30 ಸೆಂ.ಮೀ. ಉದ್ದದ ಪಟ್ಟಿಗಳು. 30 ಯಾಕೆ ಅಂದರೆ ಅದು 2, 3, 5, 6 ಎಲ್ಲದರಿಂದಲೂ ಶೇಷ ಇಲ್ಲದೆ ಭಾಗವಾಗುತ್ತದೆ. ಅರ್ಧಕ್ಕೆ 15, ಮೂರರಲ್ಲೊಂದಕ್ಕೆ 10, ಐದರಲ್ಲೊಂದಕ್ಕೆ 6, ಆರರಲ್ಲೊಂದಕ್ಕೆ 5. ಮಗು ಸ್ಕೇಲಿನಿಂದ ಅಳೆದು ಗೆರೆ ಹಾಕಬಹುದು. ಪಟ್ಟಿಗಳನ್ನು ಒಂದರ ಕೆಳಗೊಂದು, ಎಡ ತುದಿ ಸರಿಯಾಗಿ ಕೂಡಿಸಿ ಇಟ್ಟರೆ ಇಡೀ ಸಮ ಇರಬೇಕು ಅನ್ನುವ ಎರಡನೇ ತಪ್ಪಿಗೂ ಉತ್ತರ ಅಲ್ಲೇ ಇದೆ.

ಯೋಜನೆಯ ಹಾಳೆಯಲ್ಲಿ ಎರಡೇ ಖಾನೆ ಇರಲಿ, ನಿಮಿಷ ಮತ್ತು 'ಮಕ್ಕಳು ಏನು ಮಾಡುತ್ತಾರೆ'. ಶಿಕ್ಷಕರು ಏನು ಮಾಡುತ್ತಾರೆ ಅನ್ನುವ ಖಾನೆಯನ್ನು ನಾನು ಬೇಕಂತಲೇ ತೆಗೆಯುತ್ತೇನೆ, ಅದಿದ್ದರೆ ಅದೇ ತುಂಬುತ್ತದೆ. ಬರೆದು ಮುಗಿದಾಗ ಹೀಗೆ ಕಾಣಬೇಕು:

5 ನಿಮಿಷ – ಬೋರ್ಡಿನ ಮೇಲೆ 1/3 ಮತ್ತು 1/5. ಪ್ರತಿ ಮಗು ದೊಡ್ಡದು ಯಾವುದು ಅಂತ ಪಾಟಿಯ ಮೇಲೆ ಬರೆದು ತೋರಿಸುತ್ತದೆ. ಸರಿ ತಪ್ಪು ಹೇಳುವುದಿಲ್ಲ. ಎಷ್ಟು ಜನ ಯಾವ ಕಡೆ ಅಂತ ಬೋರ್ಡಿನ ಮೂಲೆಯಲ್ಲಿ.
15 ನಿಮಿಷ – ಇಬ್ಬಿಬ್ಬರಿಗೆ ನಾಲ್ಕು ಪಟ್ಟಿ. ಅಳೆದು 2, 3, 5, 6 ಭಾಗ ಮಾಡಿ, ಒಂದೊಂದರಲ್ಲಿ ಒಂದು ಭಾಗಕ್ಕೆ ಬಣ್ಣ. ಎಡ ತುದಿ ಕೂಡಿಸಿ ಇಡುತ್ತಾರೆ.
8 ನಿಮಿಷ – ಮೊದಲು ತಪ್ಪು ಬರೆದವರಲ್ಲಿ ಇಬ್ಬರು ಪಟ್ಟಿ ತೋರಿಸಿ ಏನು ಕಂಡಿತು ಅಂತ ಹೇಳುತ್ತಾರೆ. ಜಾಸ್ತಿ ಭಾಗ ಮಾಡಿದಷ್ಟೂ ಒಂದು ಭಾಗಕ್ಕೆ ಏನಾಗುತ್ತದೆ?
5 ನಿಮಿಷ – 1/7 ಮತ್ತು 1/10. ಪಟ್ಟಿ ಇಲ್ಲದೆ ಜೋಡಿಯಲ್ಲಿ ಮಾತಾಡಿ ಹೇಳುತ್ತಾರೆ.
5 ನಿಮಿಷ – ರಿಬ್ಬನ್ ಪ್ರಶ್ನೆ, ಚೀಟಿ, ಒಬ್ಬೊಬ್ಬರೇ.
ಹಿಂದಿನ ದಿನ – ಪಟ್ಟಿ ಕತ್ತರಿಸಿ, ನಾಲ್ಕು ನಾಲ್ಕು ಕಟ್ಟು ಮಾಡಿ ಇಡುವುದು.
ಮರುದಿನ – 1/5 ಅಂದವರು ಐದಾರು ಜನಕ್ಕಿಂತ ಜಾಸ್ತಿ ಇದ್ದರೆ ಮುಂದೆ ಹೋಗುವುದಿಲ್ಲ, ಪಟ್ಟಿಯನ್ನೇ ಮತ್ತೆ, ಈ ಸಲ 1/4 ಮತ್ತು 1/6. ಕಡಿಮೆ ಇದ್ದರೆ ಆ ಮಕ್ಕಳನ್ನು ಮಾತ್ರ ಹತ್ತು ನಿಮಿಷ ಪಕ್ಕಕ್ಕೆ. ಉಳಿದವರಿಗೆ 2/5 ಮತ್ತು 1/3.

ಒಟ್ಟು 38 ನಿಮಿಷ, ಎರಡು ನಿಮಿಷ ಗದ್ದಲಕ್ಕೆ. 'ಹಿಂದಿನ ದಿನ' ಮತ್ತು 'ಮರುದಿನ' ಅನ್ನುವ ಕೊನೆಯ ಎರಡು ಸಾಲು ಯಾರೂ ಬರೆಯುವುದಿಲ್ಲ, ನೀವು ಬರೆಸಲೇಬೇಕು. ಪಟ್ಟಿಯನ್ನು ತರಗತಿಯಲ್ಲೇ ಕತ್ತರಿಸೋಕೆ ಕೂತರೆ ಹದಿನೈದು ನಿಮಿಷ ಅಲ್ಲೇ ಹೋಯಿತು. ಮರುದಿನದ ಸಾಲು ಇಲ್ಲದಿದ್ದರೆ ಚೀಟಿಗಳು ಕಪಾಟಿಗೆ ಹೋಗುತ್ತವೆ.

ಇಲ್ಲಿ ಯಾರಾದರೂ 'ಮೇಡಂ, ಇದರಾಗ 5ಇ ಎಲ್ಲಿ?' ಅಂತ ಕೇಳೇ ಕೇಳುತ್ತಾರೆ. ಕೇಳಲಿ. 5ಇ ಮಾದರಿ ಅಮೆರಿಕದಲ್ಲಿ 1980ರ ದಶಕದಲ್ಲಿ ವಿಜ್ಞಾನ ಪಾಠಗಳಿಗೆ ಅಂತ ತಯಾರಾದದ್ದು, ಅದರ ಐದು ಹಂತ ಹಲವು ದಿನ ನಡೆಯುವ ಒಂದು ಘಟಕಕ್ಕೆ ಚೆನ್ನಾಗಿ ಹೊಂದುತ್ತದೆ. ಐದನ್ನೂ ನಲವತ್ತು ನಿಮಿಷದೊಳಗೆ ತುರುಕಿದರೆ ಪ್ರತಿ ಹಂತಕ್ಕೆ ಎಂಟೆಂಟು ನಿಮಿಷ, ಪರಿಶೋಧನೆ ಶುರುವಾಗುವ ಮೊದಲೇ ಮುಗಿಯುತ್ತದೆ. ತಪಾಸಣೆಗೆ ಆ ನಮೂನೆ ಬೇಕೇ ಬೇಕಂದರೆ ಈ ಹಾಳೆಯ ಅಂಚಿನಲ್ಲಿ ಹಂತದ ಹೆಸರು ಬರೆದುಕೊಳ್ಳಿ: ಪಾಟಿಯ ಕೆಲಸ ತೊಡಗಿಸಿಕೊಳ್ಳುವುದು, ಪಟ್ಟಿ ಪರಿಶೋಧನೆ, ಹೀಗೆ. ಹಾಳೆ ಬದಲಾಗಬೇಕಾಗಿಲ್ಲ.

ಹನ್ನೆರಡು ಇಪ್ಪತ್ತಕ್ಕೆ ಕೊನೆಯ ಚಟುವಟಿಕೆ, ನನಗೆ ಬಹಳ ಇಷ್ಟವಾದದ್ದು. ಯೋಜನೆಗಳನ್ನು ಪಕ್ಕದ ಗುಂಪಿಗೆ ಕೊಡಿ. ಆ ಗುಂಪಿನ ಒಬ್ಬರು, ಬರೆದವರನ್ನು ಏನೂ ಕೇಳದೆ, ಹಾಳೆ ನೋಡಿಕೊಂಡೇ ಎಂಟು ನಿಮಿಷ ಪಾಠ ಮಾಡಬೇಕು. ಉಳಿದವರು ಮಕ್ಕಳು. ಮಕ್ಕಳಿಗೆ ಆ ಮೂರು ತಪ್ಪು ಉತ್ತರಗಳಲ್ಲಿ ಒಂದೊಂದನ್ನು ಹಂಚಿಬಿಡಿ, ಅವರು ಅದಕ್ಕೇ ಅಂಟಿಕೊಂಡಿರಬೇಕು. ಪಾಠ ಮಾಡುವವರು ಎಲ್ಲಿ ನಿಂತು ಹಾಳೆ ತಿರುವಿ ನೋಡುತ್ತಾರೋ ಅಲ್ಲಿ ಬರೆದವರು ಕೆಂಪು ಗೆರೆ ಹಾಕಿಕೊಳ್ಳುತ್ತಾರೆ. 'ಚರ್ಚಿಸುವರು' ಅಂತ ಬರೆದ ಕಡೆ ಯಾವಾಗಲೂ ಕೆಂಪು ಬೀಳುತ್ತದೆ, ಯಾವ ಪ್ರಶ್ನೆ ಇಟ್ಟುಕೊಂಡು ಚರ್ಚೆ ಅಂತ ಇರುವುದಿಲ್ಲವಲ್ಲ. ಟೀಕೆ ಮಾಡುವವರು ಯಾರೂ ಬೇಕಾಗಿಲ್ಲ, ಹಾಳೆಯೇ ಹೇಳುತ್ತದೆ. ಹಿರಿಯರಿಗೂ ಮುಜುಗರ ಇಲ್ಲ. ಎಲ್ಲರಿಗೂ ಅವಕಾಶ ಸಿಗುವುದಿಲ್ಲ, ಗುಂಪಿಗೊಂದು ಯೋಜನೆ ಆರಿಸಿಕೊಳ್ಳಿ. ಆರೂ ಗುಂಪು ಒಟ್ಟಿಗೇ ನಡೆಸಲಿ, ಒಬ್ಬೊಬ್ಬರಾಗಿ ವೇದಿಕೆಗೆ ಕರೆದರೆ ಅದು ನಾಟಕವಾಗುತ್ತದೆ, ಊಟ ತಣ್ಣಗಾಗುತ್ತದೆ. ಆಮೇಲೆ ಕೆಂಪು ಗೆರೆ ತಿದ್ದೋಕೆ ಹದಿನೈದು ನಿಮಿಷ ಬಿಡಿ.

ಹೋಗುವಾಗ ಅವರ ಕೈಯಲ್ಲಿ ಏನಿರಬೇಕು ಅನ್ನೋದಕ್ಕೆ: ಕೆಂಪು ಗೆರೆ ಬಿದ್ದು ತಿದ್ದಿದ ಒಂದು ಯೋಜನೆ, ಮುಂದಿನ ವಾರ ಕಲಿಸುವಂಥದ್ದು. ಅದೇ ನಮೂನೆಯ ಮೂರು ಖಾಲಿ ಹಾಳೆ. ಹಾಳೆಯ ಮೂಲೆಯಲ್ಲಿ ಕಲಿಸುವ ದಿನಾಂಕ, ಅವರ ಕೈಯಲ್ಲೇ ಬರೆದದ್ದು. ಇಷ್ಟೇ. ಫೋಲ್ಡರ್, ಜೆರಾಕ್ಸ್ ಕಟ್ಟು ಯಾವುದೂ ಬೇಡ.

ಒಂದು ಮಾತು ಮುಂಚೆಯೇ ಬಾಯಿಬಿಟ್ಟು ಹೇಳಿಬಿಡಿ, ದಿನದ ಪ್ರತಿ ಪಿರಿಯಡ್ಡಿಗೂ ಇಂಥದ್ದು ಬರೆಯಿರಿ ಅಂತ ನೀವು ಹೇಳುತ್ತಿಲ್ಲ. ಎರಡು ತರಗತಿ ಒಟ್ಟಿಗೆ ನೋಡುವವರಿಗೆ ಅದು ಆಗದ ಮಾತು. ವಾರಕ್ಕೊಂದು ಪೂರ್ತಿ ಯೋಜನೆ, ಮಕ್ಕಳು ಎಡವುವ ಪಾಠಕ್ಕೆ. ಉಳಿದವಕ್ಕೆ ಕೊನೆಯ ಪ್ರಶ್ನೆ ಮತ್ತು ಒಂದು ತಪ್ಪು ಉತ್ತರ, ಎರಡು ಸಾಲು. ಇದನ್ನು ಹೇಳದಿದ್ದರೆ ಎಲ್ಲರೂ ಮೂರು ತಾಸು ತಲೆಯಲ್ಲಾಡಿಸಿ, ಸೋಮವಾರ ಮತ್ತೆ ಗೈಡು ತೆಗೆಯುತ್ತಾರೆ.

ಮುಂದಿನ ಸಭೆಯಲ್ಲಿ ಅರ್ಧ ತಾಸು ಈಗಲೇ ಕೇಳಿ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಮಕ್ಕಳ ಐದು ಚೀಟಿ ತರಬೇಕು, ಅದರಲ್ಲಿ ಎರಡಾದರೂ ತಪ್ಪು ಇರಬೇಕು, ಅವರು ಊಹಿಸದೇ ಇದ್ದ ತಪ್ಪು ಒಂದಿದ್ದರೆ ಇನ್ನೂ ಒಳ್ಳೆಯದು. 24ರಲ್ಲಿ ಹತ್ತು ಜನ ತಂದರೂ ಖುಷಿಪಡಿ. ತರದವರನ್ನು ಯಾಕೆ ತರಲಿಲ್ಲ ಅಂತ ಕೇಳಬೇಡಿ, ತಂದವರ ಪಕ್ಕ ಕೂರಿಸಿ ಚೀಟಿ ಓದಿಸಿ. ಮತ್ತೆ ನಿಮ್ಮ ರಿಬ್ಬನ್ ಚೀಟಿಗಳನ್ನೂ ತಗೊಂಡು ಹೋಗಿ, ಮೊದಲು ನಿಮ್ಮದನ್ನೇ ಹರಡಿ.